ಲಕ್ಕಿ ಬಾಂಬೂ: ಕಾಂಡ ಹಳದಿಯಾದಾಗ ನೀರಿನಲ್ಲಿ ಏನಾಗಿರುತ್ತದೆ

ಗಾಜಿನ ಲೋಟದಲ್ಲಿ ನೀರು ಹಾಕಿ ಇಟ್ಟ ಲಕ್ಕಿ ಬಾಂಬೂವಿನ ಎಲೆ ಹಳದಿಯಾದರೆ ಗಾಬರಿಪಡಬೇಕಾಗಿಲ್ಲ. ಕೆಳಗಿನ ಹಳೆಯ ಎಲೆ ಹಣ್ಣಾಗಿ ಉದುರುವುದು ಸಹಜ. ತುದಿ ಕಂದಾಗಿ ಒಣಗಿದರೆ ನೀರಿನಲ್ಲಿ ಉಪ್ಪಿನಂಶ ಹೆಚ್ಚಿದೆ ಎಂದುಕೊಳ್ಳಬಹುದು. ಇಡೀ ಎಲೆ ಬಿಳಿಚಿಕೊಂಡರೆ ಬಿಸಿಲು ನೇರವಾಗಿ ಬೀಳುತ್ತಿರಬಹುದು. ಇವುಗಳನ್ನೆಲ್ಲ ಸರಿಪಡಿಸಲು ಸಮಯವಿದೆ. ಆದರೆ ಹಸಿರಾಗಿದ್ದ ಕಾಂಡವೇ ಹಳದಿಗೆ ತಿರುಗಿದರೆ ಕಾದು ನೋಡುವ ಹಾಗಿಲ್ಲ. ಹಳದಿಯಾದ ಕಾಂಡ ಮತ್ತೆ ಹಸಿರಾಗುವುದಿಲ್ಲ. ಒಳಗಿನ ಜೀವಕೋಶಗಳು ಸಾಯುತ್ತಿರುವುದರ ಗುರುತು ಅದು. ಎಷ್ಟು ಭಾಗ ಉಳಿದಿದೆ, ಕೊಳೆತ ಎಲ್ಲಿಂದ ಹೊರಟಿದೆ, ಪಕ್ಕದ ಕಡ್ಡಿಗಳಿಗೆ ಹಬ್ಬುತ್ತಿದೆಯೇ ಎಂಬುದನ್ನು ಆ ದಿನವೇ ನೋಡಬೇಕು.

ಹೆಚ್ಚಿನ ಮನೆಗಳಲ್ಲಿ ಮೊದಲ ಅನುಮಾನ ಕ್ಲೋರಿನ್ ಮೇಲೆ ಹೋಗುತ್ತದೆ. ನಲ್ಲಿ ನೀರನ್ನು ಒಂದು ರಾತ್ರಿ ಇಟ್ಟು ಹಾಕಿ, ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಬಾಯಿಂದ ಬಾಯಿಗೆ ದಾಟುತ್ತಲೇ ಇದೆ. ನನ್ನ ಅನುಭವದಲ್ಲಿ ಕ್ಲೋರಿನ್‌ನ ಪಾಲು ತೀರಾ ಚಿಕ್ಕದು. ಕಾಂಡವನ್ನು ಕೊಲ್ಲುವ ಎರಡು ಕಾರಣಗಳೆಂದರೆ ಬೇರಿಗೆ ಉಸಿರು ಸಿಗದಿರುವುದು ಮತ್ತು ನೀರನ್ನು ಬದಲಾಯಿಸದೆ ಮೇಲಿಂದ ಮೇಲೆ ಸುರಿಯುತ್ತ ಹೋಗುವುದು. ಎರಡೂ ಒಂದನ್ನೊಂದು ಬೆಳೆಸುತ್ತವೆ. ಅದನ್ನು ತಿಳಿಯಲು ಈ ಗಿಡ ಯಾವುದು, ನಮ್ಮ ಕೈಗೆ ಯಾವ ಸ್ಥಿತಿಯಲ್ಲಿ ಬರುತ್ತದೆ ಎಂಬುದರಿಂದ ಶುರುಮಾಡಬೇಕು.

ಹೆಸರಿನಲ್ಲಿ ಬಿದಿರಿದ್ದರೂ ಇದು ಬಿದಿರಿನ ಕುಲದ್ದಲ್ಲ. ಬಿದಿರು ಹುಲ್ಲಿನ ಜಾತಿ; ಗೆಣ್ಣಿನಿಂದ ಗೆಣ್ಣಿಗೆ ಒಳಗೆ ಟೊಳ್ಳು. ಲಕ್ಕಿ ಬಾಂಬೂ ಡ್ರಸೀನಾ ಜಾತಿಯ ಗಿಡ, ಒಳಗೆ ಪೂರ್ತಿ ತಿರುಳು. ಆಫ್ರಿಕಾದ ಕ್ಯಾಮರೂನ್ ಮತ್ತು ಸುತ್ತಲಿನ ಕಾಡುಗಳಲ್ಲಿ ದೊಡ್ಡ ಮರಗಳ ನೆರಳಿನಡಿ ಬೆಳೆಯುವಂಥದ್ದು. ಸಸ್ಯಶಾಸ್ತ್ರದಲ್ಲಿ ಇದಕ್ಕಿರುವ ಡ್ರಸೀನಾ ಸ್ಯಾಂಡೇರಿಯಾನಾ ಎಂಬ ಹೆಸರು, ಇಂಗ್ಲೆಂಡಿನಲ್ಲಿ ಆರ್ಕಿಡ್ ವ್ಯಾಪಾರಕ್ಕೆ ಹೆಸರಾಗಿದ್ದ ಸ್ಯಾಂಡರ್ ಎಂಬ ಜರ್ಮನ್ ಮೂಲದ ತೋಟಗಾರನಿಂದ ಬಂತು. ಕಾಡಿನಲ್ಲಿ ಇದು ತರಗೆಲೆ ಕೊಳೆತ ಸಡಿಲ ಮಣ್ಣಿನಲ್ಲಿ, ಗಾಳಿಯಾಡುವ ಕಡೆ ಬೇರುಬಿಡುತ್ತದೆ. ಕಮಲದ ಹಾಗೆ ನೀರಲ್ಲೇ ಹುಟ್ಟಿದ ಗಿಡವಲ್ಲ. ನೀರಿನಲ್ಲಿ ಬದುಕುವುದು ಇದರ ಸಹನೆ, ಸ್ವಭಾವವಲ್ಲ.

ಅಂಗಡಿಯಲ್ಲಿ ಸಿಗುವ ಕಡ್ಡಿ ನಿಜವಾಗಿ ಒಂದು ತುಂಡು. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯ, ತೈವಾನ್ ಮುಂತಾದ ಕಡೆ ಇದನ್ನು ನೆಲದಲ್ಲಿ ಉದ್ದಕ್ಕೆ ಬೆಳೆಸಿ, ಎಲೆ ಸುಲಿದು, ಬೇಕಾದ ಅಳತೆಗೆ ಕತ್ತರಿಸುತ್ತಾರೆ. ಮೇಲಿನ ಕೊಯ್ತಕ್ಕೆ ಮೇಣ ಹಚ್ಚಿ ಮುಚ್ಚುತ್ತಾರೆ. ಕೆಳಗಿನ ಗೆಣ್ಣಿನಿಂದ ಬೇರು, ಮೇಲಿನ ಗೆಣ್ಣಿನಿಂದ ಚಿಗುರು ಒಡೆಯುತ್ತದೆ. ಎಂದರೆ ನಮ್ಮ ಮೇಜಿಗೆ ಬರುವ ಹೊತ್ತಿಗೆ ಅದರ ಮೈಮೇಲೆ ಎರಡು ಗಾಯಗಳಿರುತ್ತವೆ, ಒಂದು ನೆತ್ತಿಯಲ್ಲಿ, ಇನ್ನೊಂದು ನೀರಿನೊಳಗೆ. ಕೊಳೆ ಹೊಕ್ಕುವುದು ಬಹುಪಾಲು ಈ ಎರಡು ದಾರಿಯಲ್ಲೇ.

ಹಾಗಾಗಿ ಹಳದಿ ಎಲ್ಲಿಂದ ಶುರುವಾಯಿತು ಎಂಬುದೇ ಮೊದಲ ಸುಳಿವು. ನೆತ್ತಿಯ ಮೇಣದ ಅಂಚಿನಿಂದ ಕೆಳಗೆ ಇಳಿಯುತ್ತಿದ್ದರೆ, ಮೇಣ ಬಿರುಕುಬಿಟ್ಟು ತುದಿ ಒಣಗಿದೆ ಅಥವಾ ಅಲ್ಲಿ ನೀರು ನಿಂತು ಕೊಳೆತಿದೆ. ಇದು ಸಾಮಾನ್ಯವಾಗಿ ಕೆಳಗಿನ ಒಂದು ಗೆಣ್ಣಿನವರೆಗೆ ಬಂದು ನಿಲ್ಲುತ್ತದೆ. ಚಿಗುರು ಅದಕ್ಕಿಂತ ಕೆಳಗಿದ್ದರೆ ಗಿಡಕ್ಕೆ ಅಪಾಯ ಕಡಿಮೆ. ಮಧ್ಯದಲ್ಲಿ ಪಟ್ಟಿಯಂತೆ ಹಳದಿಯಾದರೆ, ಕಟ್ಟಿದ ಚಿನ್ನದ ಬಣ್ಣದ ತಂತಿಯೋ ರಿಬ್ಬನ್ನೋ ಅಲ್ಲಿ ಬಿಗಿಯಾಗಿ ಕಚ್ಚಿದೆಯೇ ಎಂದು ನೋಡಬೇಕು. ಮಹಡಿ ಮಹಡಿಯಾಗಿ ಹತ್ತಾರು ಕಡ್ಡಿಗಳನ್ನು ಒತ್ತಿ ಕಟ್ಟಿದ ಜೋಡಣೆಗಳಲ್ಲಿ ಒಳಗಿನ ಕಡ್ಡಿ ಕೊಳೆತು ವಾರಗಳಾದರೂ ಹೊರಗಿನವರಿಗೆ ಕಾಣುವುದಿಲ್ಲ. ಬುಡದಿಂದ ಮೇಲಕ್ಕೆ ಏರುವ ಹಳದಿಯೇ ಎಲ್ಲಕ್ಕಿಂತ ಹೆಚ್ಚು ಕಾಣುವಂಥದ್ದು ಮತ್ತು ಹೆಚ್ಚು ಕೆಟ್ಟದ್ದು. ಅದು ನೇರವಾಗಿ ನೀರಿಗೆ ಸಂಬಂಧಿಸಿದ್ದು.

ಬುಡದ ಹಳದಿಯನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಗುರುತಿಸುತ್ತದೆ. ಹಳದಿಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಗಟ್ಟಿಯಾಗಿದ್ದರೆ ಇನ್ನೂ ಕೊಳೆತಿಲ್ಲ. ಮೆತ್ತಗಾಗಿ ತಗ್ಗಿದರೆ, ಸಿಪ್ಪೆ ಸುಕ್ಕುಗಟ್ಟಿದ್ದರೆ, ಒಳಗೆ ಕೊಳೆ ತುಂಬಿದೆ. ಆಮೇಲೆ ಕಡ್ಡಿಯನ್ನು ಎತ್ತಿ ಬೇರು ನೋಡಿ. ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ: ಲಕ್ಕಿ ಬಾಂಬೂವಿನ ಆರೋಗ್ಯವಂತ ಬೇರು ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ್ದು. ಆ ಬಣ್ಣ ಕಂಡು ಕೊಳೆತಿದೆ ಎಂದು ಕತ್ತರಿಸಿಬಿಟ್ಟವರನ್ನು ಬಲ್ಲೆ. ಕೊಳೆತ ಬೇರು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೋಳೆಯಾಗಿ, ಎಳೆದರೆ ಮೇಲಿನ ಪೊರೆ ಜಾರಿ ಒಳಗಿನ ದಾರವಷ್ಟೇ ಕೈಗೆ ಬರುತ್ತದೆ. ನೀರನ್ನು ಮೂಸಿ ನೋಡಿ. ಒಳ್ಳೆಯ ನೀರಿಗೆ ವಾಸನೆಯಿಲ್ಲ. ಚರಂಡಿಯ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರಿನಲ್ಲಿ ಆಮ್ಲಜನಕ ಮುಗಿದು, ಅದಿಲ್ಲದೆಯೇ ಬದುಕುವ ಬ್ಯಾಕ್ಟೀರಿಯಾ ಮನೆ ಮಾಡಿದೆ ಎಂದರ್ಥ.

ಬೇರೂ ಉಸಿರಾಡುತ್ತದೆ. ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯಲು ಅದಕ್ಕೂ ಆಮ್ಲಜನಕ ಬೇಕು. ಒಂದು ಲೀಟರ್ ಗಾಳಿಯಲ್ಲಿ 250 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕವಿದ್ದರೆ, ಒಂದು ಲೀಟರ್ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ. 30 ಡಿಗ್ರಿಗೆ ಬಂದರೆ ಅದು 7.5ರ ಆಸುಪಾಸಿಗೆ ಇಳಿಯುತ್ತದೆ. ಬಿಸಿ ಏರಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಬೇರಿನ ಮತ್ತು ಬ್ಯಾಕ್ಟೀರಿಯಾದ ಹಸಿವು ಹೆಚ್ಚು. ಏಪ್ರಿಲ್ ಮೇ ತಿಂಗಳಲ್ಲಿ ಚಳಿಗಾಲದ ಎರಡರಷ್ಟು ಬೇಗ ನೀರು ಕೆಡುವುದು ಇದರಿಂದಲೇ. ಹೊರಗಿನ ಗಾಳಿಯಿಂದ ಆಮ್ಲಜನಕ ಕರಗಿ ಒಳಗೆ ಸೇರಬೇಕಾದರೆ ನೀರಿನ ಮೇಲ್ಮೈ ಅಗಲವಾಗಿರಬೇಕು. ಬಾಯಿ ಕಿರಿದಾದ, ಉದ್ದ ಕತ್ತಿನ ಹೂದಾನಿಯಲ್ಲಿ ಕತ್ತಿನವರೆಗೂ ನೀರು ತುಂಬಿದರೆ ಆ ಮೇಲ್ಮೈ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಷ್ಟೆ. ಅದರಲ್ಲೂ ಕಡ್ಡಿಗಳೇ ಅರ್ಧ ಜಾಗ ತಿನ್ನುತ್ತವೆ.

ನೀರಿನ ಮಟ್ಟದ ವಿಷಯ ಇಲ್ಲೇ ಹೇಳಿಬಿಡಬೇಕು. ಕಾಂಡ ಅರ್ಧ ಮುಳುಗುವಷ್ಟು ನೀರು ಹಾಕುವುದು ಬೇಡ. ಬೇರು ನೆನೆಯಲು ಮೂರು ನಾಲ್ಕು ಸೆಂಟಿಮೀಟರ್, ಅಂದರೆ ಎರಡು ಬೆರಳಗಲ ನೀರು ಸಾಕು. ಮೇಲಿನ ಕೆಲವು ಬೇರುಗಳು ನೀರಿನ ಮೇಲೆ, ಒದ್ದೆ ಗಾಳಿಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಅವು ಗಾಳಿಯಿಂದಲೇ ಉಸಿರೆಳೆಯುತ್ತವೆ. ಮುಳುಗಿದ ಕಾಂಡದ ಉದ್ದ ಹೆಚ್ಚಿದಷ್ಟೂ ಕೊಳೆ ಅಂಟಿಕೊಳ್ಳುವ ಜಾಗ ಹೆಚ್ಚುತ್ತದೆ, ಅಷ್ಟೇ.

ಈಗ ನೀರಿನ ಗುಣದ ಮಾತು. ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಅತ್ತಿಗೆಯ ಮನೆಯ ಗಿಡವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಬಾಲ್ಕನಿ ಬಾಗಿಲ ಬಳಿ, ಬಿಳಿ ಹರಳುಕಲ್ಲು ತುಂಬಿದ ಗಾಜಿನ ಪಾತ್ರೆಯಲ್ಲಿ ಮೂರು ಕಡ್ಡಿ. ಅದರಲ್ಲಿ ಒಂದು ಬುಡದಿಂದ ಹಳದಿಯಾಗಿತ್ತು, ಉಳಿದೆರಡರ ಎಲೆಯ ತುದಿ ಸುಟ್ಟ ಹಾಗೆ ಕಂದಾಗಿತ್ತು. ಆ ಕಟ್ಟಡಕ್ಕೆ ಬರುವುದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು.

"ಅತ್ತಿಗೆ, ನೀರು ಪೂರ್ತಿ ಚೆಲ್ಲಿ ಬದಲಾಯಿಸ್ತೀರಾ, ಕಮ್ಮಿಯಾದಾಗ ಮೇಲೆ ಸುರೀತೀರಾ?" ಎಂದು ಕೇಳಿದೆ.

"ಕಮ್ಮಿಯಾದ ಹಾಗೆ ಹಾಕ್ತಾ ಇರ್ತೀನಿ. ಕಲ್ಲು ತುಂಬಿರೋದನ್ನ ಪ್ರತಿ ವಾರ ಯಾರು ಬಗ್ಗಿಸ್ತಾರೆ? ಅದೇ ನೀರಲ್ಲಿ ನಾವು ಸ್ನಾನ ಮಾಡಲ್ವಾ, ಗಿಡಕ್ಕೇನು ಕೇಡು?"

ಆರ್‌ಒ ಯಂತ್ರದ ಸರ್ವೀಸಿಗೆ ಬರುವವರು ಬಿಟ್ಟುಹೋದ ಪೆನ್ನಿನಂಥ ಟಿಡಿಎಸ್ ಮೀಟರ್ ಅವರ ಮನೆಯಲ್ಲಿತ್ತು. ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಂದಾಜು ಕೊಡುವ ಸಾಧನ ಅದು. ನಲ್ಲಿಯ ನೀರಿಗೆ ಅದ್ದಿದರೆ ಲೀಟರಿಗೆ 800 ಮಿಲಿಗ್ರಾಂ ತೋರಿಸಿತು. ಪಾತ್ರೆಯ ನೀರಿಗೆ ಅದ್ದಿದಾಗ ಎರಡು ಸಾವಿರ ದಾಟಿತು. ಅತ್ತಿಗೆಗೆ ಅಚ್ಚರಿಯಾಯಿತು. ಒಂದೇ ನಲ್ಲಿಯ ನೀರು, ಇಷ್ಟು ವ್ಯತ್ಯಾಸ ಹೇಗೆ?

ಲೆಕ್ಕ ಸರಳ. ಪಾತ್ರೆಯಲ್ಲಿ ಅರ್ಧ ಲೀಟರ್ ನೀರು ಹಿಡಿಯುತ್ತದೆ ಎಂದುಕೊಳ್ಳಿ. ಲೀಟರಿಗೆ 800ರ ಲೆಕ್ಕದಲ್ಲಿ ಅದರೊಳಗೆ 400 ಮಿಲಿಗ್ರಾಂ ಲವಣವಿದೆ. ಬೇಸಿಗೆಯ ಒಂದು ವಾರದಲ್ಲಿ 200 ಮಿಲಿಲೀಟರ್ ನೀರು ಆವಿಯಾಗಿ, ಗಿಡ ಕುಡಿದು ಖಾಲಿಯಾಗುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಪಾತ್ರೆಯಲ್ಲೇ ಉಳಿಯುತ್ತದೆ. ಖಾಲಿಯಾದಷ್ಟನ್ನು ನಲ್ಲಿಯಿಂದ ತುಂಬಿದರೆ ಹೊಸದಾಗಿ 160 ಮಿಲಿಗ್ರಾಂ ಲವಣ ಸೇರಿತು. ಹೀಗೆ ಐದು ವಾರ ತುಂಬಿದರೆ 400ಕ್ಕೆ 800 ಕೂಡಿ 1,200 ಮಿಲಿಗ್ರಾಂ. ಅರ್ಧ ಲೀಟರಿನಲ್ಲಿ ಅಷ್ಟಿದ್ದರೆ ಲೀಟರಿಗೆ 2,400. ಗಿಡ ಹೀರಿಕೊಂಡ ಸ್ವಲ್ಪ ಲವಣವನ್ನು ಕಳೆದರೂ ನಲ್ಲಿ ನೀರಿನ ಎರಡೂವರೆ ಪಟ್ಟಿಗಿಂತ ಕಡಿಮೆಯಾಗುವುದು ಕಷ್ಟ. ಅದೇ ಪ್ರತಿ ವಾರ ಪೂರ್ತಿ ಚೆಲ್ಲಿ ಹೊಸ ನೀರು ಹಾಕಿದ್ದರೆ, ವಾರದ ಕೊನೆಯಲ್ಲಿ 300 ಮಿಲಿಲೀಟರಿನಲ್ಲಿ 400 ಮಿಲಿಗ್ರಾಂ, ಅಂದರೆ ಲೀಟರಿಗೆ 1,300ರ ಆಸುಪಾಸು ತಲುಪಿ ಮತ್ತೆ 800ಕ್ಕೆ ಇಳಿಯುತ್ತಿತ್ತು. ಒಳ್ಳೆಯದಲ್ಲದ ನೀರನ್ನೂ ಪೂರ್ತಿ ಬದಲಾಯಿಸಿದರೆ ಗಿಡ ತಾಳಿಕೊಳ್ಳುತ್ತದೆ. ಒಳ್ಳೆಯ ನೀರನ್ನೂ ಮೇಲಿಂದ ಮೇಲೆ ಸುರಿದರೆ ಕ್ರಮೇಣ ಉಪ್ಪಾಗುತ್ತದೆ.

ಲವಣ ಹೆಚ್ಚಿದ ನೀರಿನಿಂದ ಬೇರಿಗೆ ನೀರನ್ನು ಹೀರಲು ಆಗುವುದಿಲ್ಲ. ಪಾತ್ರೆ ತುಂಬ ನೀರಿದ್ದರೂ ಗಿಡ ಬಾಯಾರಿ ನಿಲ್ಲುತ್ತದೆ. ಬೇರಿನ ತುದಿ ಸುಟ್ಟು ಸಾಯುತ್ತದೆ. ಸತ್ತ ಬೇರು ಬ್ಯಾಕ್ಟೀರಿಯಾಕ್ಕೆ ಊಟ. ಬ್ಯಾಕ್ಟೀರಿಯಾ ಇರುವ ಆಮ್ಲಜನಕವನ್ನೂ ತಿಂದು ಮುಗಿಸುತ್ತದೆ. ಬುಡದ ಗಾಯದಿಂದ ಕೊಳೆ ಮೇಲಕ್ಕೆ ಏರುತ್ತದೆ, ಕಾಂಡ ಹಳದಿಯಾಗುತ್ತದೆ. ಹಳದಿ ಕಂಡ ದಿನ ನೀರಿನಲ್ಲಿ ಹುಳುಕು ಹುಟ್ಟಿ ವಾರಗಳೇ ಆಗಿರುತ್ತವೆ.

ಲವಣಗಳಲ್ಲಿ ಡ್ರಸೀನಾ ಜಾತಿಗೆ ವಿಶೇಷವಾಗಿ ಆಗದಿರುವುದು ಫ್ಲೋರೈಡ್. ಅದು ನೀರಿನ ಜೊತೆ ಬೇರಿನಿಂದ ಎಲೆಗೆ ಏರಿ, ನೀರು ಆವಿಯಾದ ಮೇಲೆ ಎಲೆಯ ತುದಿಯಲ್ಲಿ ಉಳಿದು ಕೂಡುತ್ತ ಹೋಗುತ್ತದೆ. ಅತ್ತಿಗೆಯ ಗಿಡದ ಎಲೆ ತುದಿಯ ಕಂದು ಬಣ್ಣದಲ್ಲಿ ಇದರ ಪಾಲೂ ಇದ್ದಿರಬಹುದು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಒಪ್ಪಿಕೊಳ್ಳುವ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಗದಗ, ರಾಯಚೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳು ಆ ಮಿತಿಯನ್ನು ದಾಟುತ್ತವೆ. ಅಲ್ಲಿ ಫ್ಲೋರೈಡ್ ಗಿಡಕ್ಕಿಂತ ಮೊದಲು ಮನುಷ್ಯರ ಹಲ್ಲು, ಮೂಳೆಯ ಪ್ರಶ್ನೆ. ಅಂಥ ನೀರು ಬರುವ ಮನೆಯಲ್ಲಿ ಮೊದಲು ಕುಡಿಯುವ ನೀರಿನ ವ್ಯವಸ್ಥೆ ನೋಡಿಕೊಂಡು ಆಮೇಲೆ ಗಿಡದ ಕಡೆ ತಿರುಗಬೇಕು. ಫ್ಲೋರೈಡ್ ಒಂದೇ ಕಾಂಡವನ್ನು ಹಳದಿ ಮಾಡುವುದು ಅಪರೂಪ. ಎಲೆಯನ್ನು ಸುಟ್ಟು, ಗಿಡದ ಶಕ್ತಿ ಕುಗ್ಗಿಸಿ, ಕೊಳೆಗೆ ದಾರಿ ಸುಲಭ ಮಾಡಿಕೊಡುತ್ತದೆ.

ಇಲ್ಲಿ ಆ ಒಂದು ರಾತ್ರಿಯ ಸಲಹೆಗೆ ಮರಳೋಣ. ಬಾಯಿ ಅಗಲವಾದ ಪಾತ್ರೆಯಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೊರಟುಹೋಗುವುದು ನಿಜ, ಏಕೆಂದರೆ ಅದು ಅನಿಲ. ಫ್ಲೋರೈಡ್, ಸೋಡಿಯಂ, ಕ್ಯಾಲ್ಸಿಯಂ ಯಾವುದೂ ಅನಿಲವಲ್ಲ. ಎಷ್ಟು ದಿನ ಇಟ್ಟರೂ ಹೋಗುವುದಿಲ್ಲ. ಕುದಿಸಿದರೆ ನೀರು ಕಡಿಮೆಯಾಗಿ ಫ್ಲೋರೈಡಿನ ಸಾಂದ್ರತೆ ಇನ್ನಷ್ಟು ಏರುತ್ತದೆ. ಬೋರ್‌ವೆಲ್ ನೀರಿಗೆ ಹಲವೆಡೆ ಕ್ಲೋರಿನ್ ಹಾಕಿಯೇ ಇರುವುದಿಲ್ಲ. ಇಲ್ಲದ ಕ್ಲೋರಿನ್ ಓಡಿಸಲು ರಾತ್ರಿಯಿಡೀ ಕಾಯುವುದರಲ್ಲಿ ಅರ್ಥವಿಲ್ಲ. ನಗರದ ನಲ್ಲಿಯಲ್ಲಿ ಕಾವೇರಿ ನೀರು ಬರುವ ಮನೆಯವರಿಗೆ ಮಾತ್ರ ಈ ಸಲಹೆ ಸಲ್ಲುತ್ತದೆ. ಅದು ಬೋರ್‌ವೆಲ್ ನೀರಿಗೆ ಹೋಲಿಸಿದರೆ ಸಿಹಿಯಾದ, ಲವಣ ಕಡಿಮೆಯಿರುವ ನೀರು. ಸಂಜೆ ಬಕೆಟ್ಟಿಗೆ ಹಿಡಿದು, ಬಟ್ಟೆ ಕಟ್ಟಿ ಇಟ್ಟು, ಮರುದಿನ ಹಾಕಿದರೆ ಸಾಕು. ಹಾಗೆ ಇಡುವುದರಿಂದ ಇನ್ನೊಂದು ಲಾಭವೂ ಇದೆ, ನೀರು ಕೋಣೆಯ ಬಿಸಿಗೆ ಬರುತ್ತದೆ. ಮಧ್ಯಾಹ್ನ ತಾರಸಿ ಟ್ಯಾಂಕಿನಿಂದ ಇಳಿಯುವ ಸುಡುವ ನೀರು ಬೇರಿಗೆ ಬೀಳುವುದು ತಪ್ಪುತ್ತದೆ.

ಅತ್ತಿಗೆಯ ಕಟ್ಟಡದಲ್ಲಿ ಇನ್ನೊಂದು ತೊಡಕಿತ್ತು. ಗಡಸು ನೀರಿನಿಂದ ಗೀಸರ್, ನಲ್ಲಿ ಎಲ್ಲ ಬಿಳಿ ಪುಡಿ ಕಟ್ಟುತ್ತದೆಂದು ನೆಲಮಾಳಿಗೆಯಲ್ಲಿ ಸಾಫ್ಟನರ್ ಹಾಕಿಸಿದ್ದರು. ಬಟ್ಟೆ ಒಗೆಯಲು, ತಲೆಸ್ನಾನಕ್ಕೆ ಆ ನೀರು ಹಿತವೇ. ಆದರೆ ಸಾಫ್ಟನರ್ ಲವಣವನ್ನು ತೆಗೆಯುವುದಿಲ್ಲ. ಅದರೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಅದಕ್ಕೇ ಆ ಯಂತ್ರಕ್ಕೆ ಆಗಾಗ ಮೂಟೆಗಟ್ಟಲೆ ಉಪ್ಪು ಸುರಿಯುವುದು. ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಫ್ಲೋರೈಡ್ ಹಾಗೇ ಇರುತ್ತದೆ. ಗಿಡ ಬಳಸಿಕೊಳ್ಳಬಹುದಾಗಿದ್ದ ಕ್ಯಾಲ್ಸಿಯಂ ಹೋಗಿ ಅದಕ್ಕೆ ಬೇಡವಾದ ಸೋಡಿಯಂ ಬಂದಿರುತ್ತದೆ. ನಮಗೆ ಮೆದುವಾದ ನೀರು ಲಕ್ಕಿ ಬಾಂಬೂಗೆ ಗಡಸು ನೀರಿಗಿಂತ ಕೆಟ್ಟದ್ದು. ಆರ್‌ಒ ಯಂತ್ರದ ಹೊರಪೈಪಿನಿಂದ ಬಕೆಟ್ಟಿಗೆ ಬೀಳುವ ನೀರನ್ನಂತೂ ಇದಕ್ಕೆ ಹಾಕಲೇಬಾರದು. ನೆಲ ಒರೆಸಲು ಬಳಸಬಹುದಾದ ಆ ನೀರಿನಲ್ಲಿ ಯಂತ್ರ ತೆಗೆದುಹಾಕಿದ ಲವಣವೆಲ್ಲ ಒಟ್ಟಾಗಿ ಇರುತ್ತದೆ.

ಹಾಗಾದರೆ ಯಾವ ನೀರು? ಮಳೆನೀರು ಎಲ್ಲಕ್ಕಿಂತ ಮೇಲು. ಮೊದಲ ಮಳೆ ಬಿಟ್ಟು, ತಾರಸಿ ತೊಳೆದುಹೋದ ಮೇಲಿನ ನೀರನ್ನು ಕ್ಯಾನಿಗೆ ಹಿಡಿದು ಮುಚ್ಚಿಟ್ಟರೆ ಒಂದು ಪುಟ್ಟ ಪಾತ್ರೆಗೆ ತಿಂಗಳುಗಟ್ಟಲೆ ಬರುತ್ತದೆ. ಇಲ್ಲದಿದ್ದರೆ ಆರ್‌ಒ ಯಂತ್ರದ ಕುಡಿಯುವ ನೀರು. ಫ್ಲೋರೈಡನ್ನೂ ಸೋಡಿಯಂ ಅನ್ನೂ ಅದು ಬಹುಮಟ್ಟಿಗೆ ತಡೆಯುತ್ತದೆ. ವಾರಕ್ಕೆ ಅರ್ಧ ಲೀಟರ್ ಕುಡಿಯುವ ನೀರನ್ನು ಗಿಡಕ್ಕೆ ಕೊಡುವುದು ದುಂದು ಎನ್ನಿಸಿದರೆ, ಮಟ್ಟ ಇಳಿಸಿ ಸಣ್ಣ ಪಾತ್ರೆಗೆ ಬದಲಾಯಿಸಿ, ಕಾಲು ಲೀಟರಿನಲ್ಲೇ ಆಗುತ್ತದೆ. ಈ ಎರಡೂ ನೀರಿನಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶವೂ ಇರುವುದಿಲ್ಲ. ಆರು ತಿಂಗಳು, ವರ್ಷ ಕಳೆದ ಮೇಲೆ ಹೊಸ ಎಲೆ ತೀರಾ ತಿಳಿಯಾಗಿ ಬರತೊಡಗಿದರೆ, ನೀರಿನಲ್ಲಿ ಕರಗುವ ಯಾವುದೇ ಗೊಬ್ಬರವನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದ ಹತ್ತನೇ ಒಂದರಷ್ಟು ಬೆರೆಸಿ, ಎರಡು ತಿಂಗಳಿಗೊಮ್ಮೆ ಕೊಡಬಹುದು. ಕಾಂಡ ಹಳದಿಯಾಗಿರುವಾಗ ಮಾತ್ರ ಗೊಬ್ಬರ ಮುಟ್ಟಬೇಡಿ. ಗೊಬ್ಬರವೂ ಲವಣವೇ, ಬೇರು ಸಾಯುತ್ತಿರುವ ಗಿಡಕ್ಕೆ ಅದು ಇನ್ನೊಂದು ಏಟು.

ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಎಂಬುದಕ್ಕೆ ನನ್ನ ಉತ್ತರ ವಾರಕ್ಕೊಮ್ಮೆ, ವರ್ಷಪೂರ್ತಿ. ಗಿಡದ ದೃಷ್ಟಿಯಿಂದ ಮಾತ್ರ ನೋಡಿದರೆ ಚಳಿಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕಾಗಬಹುದು. ವಾರವೆಂದು ಗಟ್ಟಿಯಾಗಿ ಹೇಳಲು ಕಾರಣ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ, ನೆರಳಿನ, ತಿಳಿಯಾದ ನಿಂತ ನೀರೇ ಇಷ್ಟ. ಮೊಟ್ಟೆ ಒಡೆದು, ಮರಿ ಬೆಳೆದು, ರೆಕ್ಕೆ ಬಂದು ಹಾರಲು ನಮ್ಮ ಬಿಸಿಲಿಗೆ ಏಳರಿಂದ ಹತ್ತು ದಿನ ಸಾಕು. ಲಕ್ಕಿ ಬಾಂಬೂಗೂ ಈ ಸೊಳ್ಳೆಗೂ ಇರುವ ನಂಟು ಹಳೆಯದು: 2001ರಲ್ಲಿ ಚೀನಾದಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ನೀರಿನಲ್ಲಿಟ್ಟು ಸಾಗಿಸಿದ ಲಕ್ಕಿ ಬಾಂಬೂ ಸರಕಿನ ಜೊತೆ ಈಡಿಸ್ ಜಾತಿಯ ಏಷ್ಯಾದ ಹುಲಿಸೊಳ್ಳೆ ಬಂದಿಳಿಯಿತು. ಕೆಲವು ವರ್ಷಗಳ ನಂತರ ನೆದರ್ಲೆಂಡ್ಸ್‌ನ ಹಸಿರುಮನೆಗಳಲ್ಲೂ ಇದೇ ಗಿಡದ ಜೊತೆ ಅದು ಸಿಕ್ಕಿತು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಡ್ರಮ್ಮು, ಹೂಕುಂಡದ ತಟ್ಟೆಗಳಲ್ಲಿ ಮರಿ ಹುಡುಕುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಗೊತ್ತುಮಾಡಿತು. ಟಿವಿ ಪಕ್ಕದ ಗಾಜಿನ ಪಾತ್ರೆಯ ಮೇಲೆ ಮಾತ್ರ ಯಾರ ಕಣ್ಣೂ ಬೀಳುವುದಿಲ್ಲ.

ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿಗೆ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ತಾಗಿದೊಡನೆ ಒಡೆಯುತ್ತದೆ. ಆದ್ದರಿಂದ ನೀರು ಚೆಲ್ಲಿ ಮತ್ತೆ ತುಂಬಿದರೆ ಅರ್ಧ ಕೆಲಸ ಮಾತ್ರ. ಕಡ್ಡಿಗಳನ್ನು ತೆಗೆದು, ಪಾತ್ರೆಯ ಒಳಗೋಡೆಯನ್ನು ಪಾತ್ರೆ ಉಜ್ಜುವ ನಾರಿನಿಂದ ನೀರಿನ ಗೆರೆಗಿಂತ ಮೇಲಿನವರೆಗೂ ತಿಕ್ಕಬೇಕು. ಸೋಪು ಹಾಕಿದರೆ ವಾಸನೆ ಹೋಗುವ ತನಕ ತೊಳೆಯಬೇಕು. ಬೇರುಗಳನ್ನು ಮೆಲ್ಲನೆ ಹರಿಯುವ ನೀರಿಗೆ ಹಿಡಿದು ಲೋಳೆ ತೊಳೆಯಿರಿ, ಉಜ್ಜಬೇಡಿ. ಹರಳುಕಲ್ಲುಗಳೇ ನಿಜವಾದ ಸಮಸ್ಯೆ, ಅವುಗಳ ಸಂದಿಯಲ್ಲಿ ಸತ್ತ ಬೇರಿನ ಚೂರು, ಲೋಳೆ ಸೇರಿ ಎಷ್ಟು ಹೊಸ ನೀರು ಹಾಕಿದರೂ ಎರಡೇ ದಿನಕ್ಕೆ ಕೆಡಿಸುತ್ತವೆ. ಕಡ್ಡಿ ನಿಲ್ಲಲು ಬೇಕಾಗುವಷ್ಟು, ಒಂದು ಹಿಡಿ ಕಲ್ಲು ಇಟ್ಟುಕೊಂಡು ಉಳಿದದ್ದನ್ನು ತೆಗೆದುಬಿಡಿ. ತಿಂಗಳಿಗೊಮ್ಮೆ ಅವನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಹಾಕಿ ತೆಗೆಯಿರಿ. ಬಣ್ಣಬಣ್ಣದ ಜೆಲ್ ಉಂಡೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ತೊಳೆಯಲು ಬಾರದ ವಸ್ತು ಅವು. ಗಾಜಿನೊಳಗೆ ಹಸಿರು ಪಾಚಿ ಕಟ್ಟುತ್ತಿದ್ದರೆ ಬೆಳಕು ನೀರಿಗೆ ಬೀಳುತ್ತಿದೆ. ಪಿಂಗಾಣಿ ಪಾತ್ರೆಗೆ ಬದಲಾಯಿಸಿದರೆ ಪಾಚಿ ನಿಲ್ಲುತ್ತದೆ.

ಇಷ್ಟು ಹೇಳಿದ ಮೇಲೆ ಅತ್ತಿಗೆಯ ಮೂರು ಕಡ್ಡಿಗಳಿಗೆ ಮಾಡಿದ್ದನ್ನು ಹೇಳಬೇಕು. ಹಳದಿಯಾದ ಕಡ್ಡಿಯನ್ನು ಮೊದಲು ಬೇರ್ಪಡಿಸಿದೆವು. ಅದರಿಂದ ಒಸರುವ ಕೊಳೆತ ರಸವೇ ಉಳಿದೆರಡಕ್ಕೆ ವಿಷವಾಗುತ್ತಿತ್ತು. ಬುಡದ ಒಂದು ಗೇಣಿನಷ್ಟು ಮೆತ್ತಗಾಗಿತ್ತು, ಅದರ ಮೇಲೆ ಗಟ್ಟಿ ಹಸಿರು ಇತ್ತು. ಸ್ಟವ್ ಉರಿಯಲ್ಲಿ ಕಾಯಿಸಿ ಆರಿಸಿದ ಹರಿತ ಚಾಕುವಿನಿಂದ, ಹಳದಿ ಮುಗಿದು ಎರಡು ಬೆರಳು ಮೇಲೆ, ಗೆಣ್ಣಿನ ಸ್ವಲ್ಪ ಕೆಳಗೆ ಒಂದೇ ಏಟಿಗೆ ಕತ್ತರಿಸಿದೆವು. ಕತ್ತರಿಸಿದ ಮೇಲೆ ಕೊಯ್ತದ ಮುಖವನ್ನು ನೋಡುವುದೇ ಮುಖ್ಯ. ಅದು ಪೂರ್ತಿ ಕೆನೆಬಿಳಿ ಬಣ್ಣದ್ದಾಗಿ, ಗಟ್ಟಿಯಾಗಿ, ಒದ್ದೆಯಾಗಿ ಇರಬೇಕು. ನಡುವೆ ಕಂದು ಚುಕ್ಕೆಯೋ ಗೆರೆಯೋ ಕಂಡರೆ ಕೊಳೆ ಒಳಗೊಳಗೇ ಮೇಲೆ ಹೋಗಿದೆ, ಇನ್ನೊಂದು ಗೆಣ್ಣು ಮೇಲೆ ಕತ್ತರಿಸಬೇಕು. ಅತ್ತಿಗೆಯ ಕಡ್ಡಿಯಲ್ಲಿ ಮೊದಲ ಕೊಯ್ತದಲ್ಲಿ ಕಂದು ಚುಕ್ಕೆ ಕಂಡಿತು, ಎರಡನೆಯದರಲ್ಲಿ ಕಾಣಲಿಲ್ಲ. ಪ್ರತಿ ಸಲವೂ ಚಾಕುವನ್ನು ಮತ್ತೆ ಉರಿಗೆ ಹಿಡಿಯಬೇಕು, ಇಲ್ಲದಿದ್ದರೆ ಕೊಳೆಯನ್ನು ನಾವೇ ಮೇಲಕ್ಕೆ ಒಯ್ದ ಹಾಗಾಗುತ್ತದೆ.

ಆಮೇಲೆ ಕೊಯ್ದ ತುಂಡನ್ನು ನೆರಳಿನಲ್ಲಿ ಕೆಲವು ಗಂಟೆ ಆರಲು ಬಿಟ್ಟು, ಆರ್‌ಒ ನೀರು ಎರಡು ಬೆರಳಗಲ ಇರುವ ಬೇರೆ ಲೋಟದಲ್ಲಿ ಒಂಟಿಯಾಗಿ ಇಟ್ಟೆವು. ಬೇರಿಲ್ಲದ ತುಂಡಿಗೆ ಮೊದಲ ಎರಡು ಮೂರು ವಾರ ಮೂರು ದಿನಕ್ಕೊಮ್ಮೆ ನೀರು ಬದಲಾಯಿಸಬೇಕು, ಏಕೆಂದರೆ ಗಾಯ ಹಸಿಯಾಗಿರುತ್ತದೆ. ಕಿಟಕಿಯ ಪರದೆಯಾಚೆ ಬರುವ ಬೆಳಕು ಸಾಕು. ನೇರ ಬಿಸಿಲು ಬಿದ್ದರೆ ಕಾಂಡ ಬಿಳಿಚಿ, ಯಾವ ಹಳದಿ ಯಾವುದರಿಂದ ಎಂಬುದೇ ತಿಳಿಯದಂತಾಗುತ್ತದೆ. ಗೆಣ್ಣಿನಲ್ಲಿ ಸಣ್ಣ ಉಬ್ಬು, ಆಮೇಲೆ ಕೆಂಪು ತುದಿಯ ಬೇರು ಕಾಣಲು ಬೇಸಿಗೆಯಲ್ಲಿ ಮೂರು ನಾಲ್ಕು ವಾರ, ಚಳಿಗಾಲದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಉಳಿದೆರಡು ಕಡ್ಡಿಗಳ ಕೊಳೆತ ಬೇರನ್ನು ಮಾತ್ರ ಕತ್ತರಿಸಿ, ಪಾತ್ರೆ ಉಜ್ಜಿ, ಹೊಸ ನೀರಿಗೆ ಇಟ್ಟೆವು. ಅವುಗಳ ಎಲೆಯ ತುದಿಯಲ್ಲಿರುವ ಕಂದು ಹಾಗೇ ಇರುತ್ತದೆ, ಅದನ್ನು ನೋಡುತ್ತ ಕೂತರೆ ಪ್ರಯೋಜನವಿಲ್ಲ. ಹೊಸದಾಗಿ ಬಿಚ್ಚುವ ಎಲೆಯ ತುದಿ ಹಸಿರಾಗಿದೆಯೇ ಎಂಬುದನ್ನು ನೋಡಬೇಕು. ಅದು ಹಸಿರಾಗಿದ್ದರೆ ನೀರು ಸರಿಹೋಗಿದೆ.

ಎಲ್ಲ ಕಡ್ಡಿಯೂ ಉಳಿಯುವುದಿಲ್ಲ. ಬುಡ ಮತ್ತು ನೆತ್ತಿ ಎರಡೂ ಕಡೆಯಿಂದ ಹಳದಿ ಬಂದು ಮಧ್ಯದಲ್ಲಿ ಒಂದೆರಡು ಗೆಣ್ಣು ಮಾತ್ರ ಉಳಿದಿದ್ದರೆ, ಅದರಲ್ಲಿ ಚಿಗುರೂ ಇಲ್ಲದಿದ್ದರೆ, ಅದನ್ನು ಬಿಸಾಡುವುದೇ ಸರಿ. ಕಾಂಡ ಸತ್ತರೂ ಪಕ್ಕದ ಚಿಗುರು ಹಸಿರಾಗಿದ್ದರೆ, ಚಿಗುರನ್ನು ಬುಡಸಮೇತ ಕೊಯ್ದು ಪ್ರತ್ಯೇಕವಾಗಿ ನೀರಿಗಿಡಬಹುದು; ಅದು ಹೊಸ ಗಿಡವಾಗುತ್ತದೆ. ಇನ್ನು ಬೋರ್‌ವೆಲ್ ಬಿಟ್ಟು ಬೇರೆ ನೀರೇ ಇಲ್ಲದ, ವಾರವಾರ ಪಾತ್ರೆ ತೊಳೆಯಲು ಪುರುಸೊತ್ತೂ ಇಲ್ಲದ ಮನೆಯವರಿಗೆ ನಾನು ಹೇಳುವುದು ಮಣ್ಣಿನ ಕುಂಡ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ದಪ್ಪ ಮರಳು ಮೂರನ್ನೂ ಸಮನಾಗಿ ಬೆರೆಸಿ, ತಳದಲ್ಲಿ ತೂತಿರುವ ಕುಂಡದಲ್ಲಿ ನೆಟ್ಟು, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿದರೆ ಸಾಕು. ಅಲ್ಲಿ ಬೇರಿಗೆ ಗಾಳಿ ತಾನಾಗಿ ಸಿಗುತ್ತದೆ. ತಿಂಗಳಿಗೊಮ್ಮೆ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಸುರಿದು, ಕೂಡಿಕೊಂಡ ಉಪ್ಪನ್ನು ಹೊರಹಾಕಬಹುದು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಅಂದೇ ಚೆಲ್ಲಿಬಿಡಿ.